ಭಾವನ ಸ್ಕೂಟರಿನ ಅಸಲಿ ಆರ್‌ಸಿ

ನನ್ನ ಭಾವ, ಅಂದರೆ ಗಂಡನ ಅಣ್ಣ, ಸ್ಕೂಟರಿಗೆ ಪಾಲಿಶ್ ತಿಕ್ಕಿ ಮಿರಮಿರ ಮಿಂಚಿಸಿ ನನಗೆ ಮಾರಲೆಂದು ಅಂಗಳದಲ್ಲಿ ನಿಲ್ಲಿಸಿದ್ದರು. ಸ್ವಂತ ಮುಖಕ್ಕೂ ಅಷ್ಟು ತಿಕ್ಕಿಕೊಂಡವರಲ್ಲ. ನನ್ನ ಗಂಡ ಕಣ್ಣು ಮುಚ್ಚಿ ಇಂಜಿನ್ನಿನ ಸದ್ದಿಗೆ ತಲೆದೂಗುತ್ತಿದ್ದರು. ಸೈಕಲ್ಲಿನ ಚೈನು ಕಳಚಿದರೆ ಹಾಕಲು ಬಾರದ ಮಹಾನುಭಾವರು!

ನನಗೆ ಗಾಡಿ ಬೇಕೇ ಬೇಕಿತ್ತು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವ ನರ್ಸ್ ಕೆಲಸ ಸಿಕ್ಕಿತ್ತು. ಸ್ವಂತ ಗಾಡಿ ಇದ್ದರೆ ಮಾತ್ರ ಬನ್ನಿ ಎಂದು ಏಜೆನ್ಸಿಯವರು ಖಡಾಖಂಡಿತವಾಗಿ ಹೇಳಿದ್ದರು. ವರ್ಷಗಟ್ಟಲೆ ರಾತ್ರಿಪಾಳಿ ಮಾಡಿ ಕೂಡಿಸಿದ ದುಡ್ಡು ಚೀಲದಲ್ಲಿತ್ತು. ಅದು ಕೈಬಿಟ್ಟರೆ ಕೆಲಸವೂ ಹೋಯಿತು ಅಂತಲೇ ಲೆಕ್ಕ.

"ಆರ್‌ಸಿ ಕೊಡಿ ಭಾವ," ಎಂದೆ.

ಭಾವ ಒಂದು ಜೆರಾಕ್ಸ್ ಚಾಚಿದರು.

"ಅಸಲಿ ಕಾರ್ಡು?"

"ಬೀರುವಿನಲ್ಲೆಲ್ಲೋ ಇರ್ಬೇಕು. ಇದ್ರಲ್ಲೇ ಎಲ್ಲಾ ಇದೆಯಲ್ಲಮ್ಮ."

"ಗಾಡಿ ಮೇಲೆ ಸಾಲ ಇತ್ತಲ್ವಾ?"

"ತೀರ್ಸಿ ಯಾವ ಕಾಲ ಆಯ್ತು! ನೋಡು, ಫೈನಾನ್ಸ್‌ನೋರು ಕೊಟ್ಟಿರೋ ಎನ್‌ಒಸಿ." ಸಾಲ ತೀರಿದೆ, ತಮ್ಮದೇನೂ ಆಕ್ಷೇಪಣೆ ಇಲ್ಲ ಎಂದು ಕಂಪನಿಯವರು ಬರೆದುಕೊಟ್ಟ ಪತ್ರ ಅದು. ಸಹಿ, ಸೀಲು ಎಲ್ಲ ಇತ್ತು.

"ನನ್ನ ಸ್ವಂತ ಅಣ್ಣನ ಹತ್ರ ದಾಖಲೆ ಕೇಳ್ತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?" ಗಂಡ ರೇಗಿದರು. "ದುಡ್ಡು ಕೊಟ್ಟು ಮುಗಿಸು."

ನಾಚಿಕೆಯಂತೆ! ಕೊಳೆತ ಗಾಯಕ್ಕೇ ಮುಖ ತಿರುಗಿಸದವಳು ನಾನು. ಕುಕ್ಕರುಗಾಲಲ್ಲಿ ಕೂತು, ಟಾರ್ಚ್ ಬಿಟ್ಟು, ಮಣ್ಣು ಕೆರೆದು ಚಾಸಿ ನಂಬರ್ ಓದಿದೆ. ಜೆರಾಕ್ಸಿನಲ್ಲಿದ್ದದ್ದೇ ಇತ್ತು. ಆಮೇಲೆ ಫೋನಿನಲ್ಲಿ ಸಾರಿಗೆ ಇಲಾಖೆಯ ಆ್ಯಪ್ ತೆರೆದು ಗಾಡಿಯ ನಂಬರ್ ಹಾಕಿದೆ. ಇನ್ಶೂರೆನ್ಸ್ ಮುಗಿದಿತ್ತು. ಕೆಂಪು ಸಿಗ್ನಲ್ ದಾಟಿದ್ದು, ಹೆಲ್ಮೆಟ್ ಇಲ್ಲದ್ದು, ಮತ್ತೆ ಕೆಂಪು ಸಿಗ್ನಲ್ಲು. ದಂಡ ಒಂದೂ ಕಟ್ಟಿರಲಿಲ್ಲ. ಅದರ ಕೆಳಗೆ ಹೈಪೊಥಿಕೇಶನ್ ಎಂಬ ಕಡೆ, ಗಾಡಿಯನ್ನು ಅಡವಿಟ್ಟುಕೊಂಡು ಸಾಲ ಕೊಟ್ಟವರ ಹೆಸರಿತ್ತು. ಪತ್ರ ಕೊಟ್ಟ ಕಂಪನಿಯೇ ಬೇರೆ, ಈ ಹೆಸರೇ ಬೇರೆ.

ನನಗೆ ಅರ್ಥವಾಗಿಹೋಯಿತು. ಮೊದಲ ಸಾಲ ತೀರಿಸಿದ್ದು ನಿಜವೇ. ಆಮೇಲೆ ಅದೇ ಗಾಡಿಯನ್ನು ಇನ್ನೊಬ್ಬರಿಗೆ ಅಡವಿಟ್ಟು ಮತ್ತೆ ಸಾಲ ಎತ್ತಿದ್ದರು. ಜೆರಾಕ್ಸ್ ಆ ಎರಡು ಸಾಲಗಳ ನಡುವಿನದು. ಅಸಲಿ ಕಾರ್ಡು ತೋರಿಸಿದ್ದರೆ ಹೊಸ ಹೆಸರು ಕಾಣುತ್ತಿತ್ತು, ಅದಕ್ಕೇ ಅದು ಬೀರು ಸೇರಿತ್ತು.

"ಆ್ಯಪ್‌ನೋರು ಅಪ್‌ಡೇಟ್ ಮಾಡಿಲ್ಲ ಅಷ್ಟೆ," ಎಂದರು ಭಾವ, ಹಣೆ ಒರೆಸಿಕೊಳ್ಳುತ್ತ.

"ಅಪ್‌ಡೇಟ್ ಮಾಡಿರೋದ್ರಿಂದಲೇ ಗೊತ್ತಾಗಿದ್ದು ಭಾವ. ಈ ಸಾಲದೋರು ಒಪ್ಪದೆ ಗಾಡಿ ನನ್ನ ಹೆಸರಿಗೆ ಆಗಲ್ಲ. ನೀವು ಕಂತು ಕಟ್ಟದಿದ್ರೆ ನನ್ನ ಬಾಗಿಲಿಂದ ಎಳ್ಕೊಂಡು ಹೋಗ್ತಾರೆ. ನಡೀರಿ, ಅವರ ಕೌಂಟರಲ್ಲೇ ದುಡ್ಡು ಕಟ್ತೀನಿ. ಎನ್‌ಒಸಿ ತಗೊಂಡು ಸಾರಿಗೆ ಕಚೇರೀಲಿ ಅವರ ಹೆಸರು ತೆಗೆಸೋಣ. ಮಿಕ್ಕಿದ್ದು ನಿಮಗೆ."

ಭಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆದರೆ ಅಷ್ಟು ಹೊತ್ತು ರೇಗುತ್ತಿದ್ದ ನನ್ನ ಗಂಡ, "ಅದೇ ಸರಿ, ಅದೇ ಸರಿ, ಅಲ್ಲೇ ಕಟ್ಟು," ಎಂದು ಎದ್ದೇ ಬಿಟ್ಟರು. ಇವರಿಗೆ ಇದ್ದಕ್ಕಿದ್ದಂತೆ ಬುದ್ಧಿ ಬಂತಲ್ಲ ಎಂದು ನಾನು, ಪೆದ್ದಿ, ಸಂತೋಷಪಟ್ಟೆ.

ಫೈನಾನ್ಸ್ ಕಚೇರಿಯ ಹುಡುಗಿ ಕಂತು, ಬಡ್ಡಿ ಎಲ್ಲ ಕೂಡಿಸಿ ಬಾಕಿ ಹೇಳಿದಳು. ಭಾವ ಗಾಡಿಗೆ ಕೇಳಿದ ಬೆಲೆಗಿಂತ ಅದೇ ಜಾಸ್ತಿ. ಅಷ್ಟರಲ್ಲಿ ಅವಳ ಕಣ್ಣು ಕಂಬದ ಮರೆಯಲ್ಲಿ ನಿಂತಿದ್ದ ನನ್ನ ಗಂಡನ ಮೇಲೆ ಬಿತ್ತು.

"ಓ, ಜಾಮೀನು ಹಾಕಿದೋರೂ ಬಂದಿದೀರಾ ಸರ್! ಒಳ್ಳೇದಾಯ್ತು. ಎಷ್ಟು ಸಲ ಮಾಡಿದ್ರೂ ಫೋನೇ ಎತ್ತಲ್ಲ ನೀವು."

ಗಂಡ ಫ್ಯಾನು ನೋಡಿದರು. ಭಾವ ಚಪ್ಪಲಿ ನೋಡಿಕೊಂಡರು. ನನಗೆ ಸಿಟ್ಟಿಗಿಂತ ಮೊದಲು ಹೇಸಿಗೆಯಾಯಿತು. ನನ್ನ ರಾತ್ರಿಪಾಳಿಯ ದುಡ್ಡಲ್ಲಿ ನನ್ನ ಗಂಡ ತಮ್ಮ ಜಾಮೀನಿನ ಸಹಿ ಬಿಡಿಸಿಕೊಳ್ಳಲು ಹೊರಟಿದ್ದರು. ಗಾಡಿ ನನಗೆ ದಕ್ಕಿದರೂ ಸರಿ, ದಕ್ಕದಿದ್ದರೂ ಸರಿ.

"ಮನೆ ಮರ್ಯಾದೆ ಪ್ರಶ್ನೆ ಕಣೇ," ಎಂದು ಗಂಡ ಪಿಸುಗುಟ್ಟಿದರು.

"ಯಾವ ಮರ್ಯಾದೆ? ಅದನ್ನೂ ಅಡವಿಟ್ಟಿದೀರೋ?" ಎಂದೆ. ಚೀಲದ ಜಿಪ್ ಎಳೆದು ಹೊರಗೆ ಬಂದೆ.

ಆಮೇಲೆ ಒಬ್ಬ ಟೈಲರಮ್ಮನ ಹಳೇ ಸ್ಕೂಟರ್ ಕೊಂಡೆ. ಪಾಲಿಶ್ಶಿಲ್ಲ, ಬಲಗಡೆ ನೆಗ್ಗಿದೆ. ಕೇಳುವ ಮೊದಲೇ ಅಸಲಿ ಕಾರ್ಡು ಕೈಗಿಟ್ಟಿದ್ದರು ಆಕೆ. ಸಾಲದವರ ಹೆಸರಿಲ್ಲ, ದಂಡದ ಬಾಕಿಯಿಲ್ಲ. ಸಾರಿಗೆ ಕಚೇರಿಗೂ ಜೊತೆಗೆ ಬಂದು ಸಹಿ ಹಾಕಿದರು.

ಕೆಲಸದ ಮೊದಲ ದಿನ ಗಾಡಿ ತೆಗೆಯುವಾಗ ಗಂಡ ಊಟದ ಡಬ್ಬಿ ಹಿಡಿದು ಬಂದು ನಿಂತರು. "ಬಸ್ ಸ್ಟಾಪ್ ತನಕ ಬಿಡ್ತೀಯಾ?"

"ಕೂರೋಕೆ ಮುಂಚೆ ಹೇಳಿ. ಇನ್ನೆಲ್ಲೆಲ್ಲಿ ಸಹಿ ಹಾಕಿದೀರಿ?"

ಎಲ್ಲೂ ಇಲ್ಲ ಅನ್ನಲು ಎಷ್ಟು ಹೊತ್ತು ಬೇಕು? ಅವರು ಯೋಚಿಸತೊಡಗಿದರು. ನಾನು ಗಾಡಿ ಬಿಟ್ಟುಕೊಂಡು ಹೊರಟೆ.