ಮೊಣಕೈಗೊಂದು ಬೆರಳು

ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದ ಅತ್ತಿಗೆಗೆ ಇಡೀ ಕೋಣೆ ಗಿರ್ರನೆ ತಿರುಗಿತು. ಮೂರು ದಿನ ವಾಂತಿ, ಎರಡು ವಾರ ಗೋಡೆ ಹಿಡಿದು ನಡಿಗೆ. ಬಲಗಿವಿಯ ಒಳನರಕ್ಕೆ ಬಂದಿದ್ದ ಉರಿಯೂತ ಇಳಿದಿದೆ, ಆದರೆ ಆ ಕಡೆಯಿಂದ ಮಿದುಳಿಗೆ ಸುದ್ದಿ ಮೊದಲಿನಷ್ಟು ತಲುಪುತ್ತಿಲ್ಲ ಎಂದರು ಕಿವಿಯ ಡಾಕ್ಟರು. ತಲೆಸುತ್ತಿನ ಮಾತ್ರೆಯನ್ನು ಕೆಲವೇ ದಿನಕ್ಕೆ ನಿಲ್ಲಿಸಿದರು. ಅದನ್ನೇ ನುಂಗುತ್ತಾ ಕೂತರೆ ಉಳಿದಿದ್ದರಲ್ಲಿ ನಿಭಾಯಿಸುವುದನ್ನು ಮಿದುಳು ಕಲಿಯುವುದು ತಡವಾಗುತ್ತದಂತೆ. ಕಲಿಸಲು ಫಿಸಿಯೋಥೆರಪಿ ಮೇಡಂ ಹತ್ತಿರ ಕಳಿಸಿದರು.

ಅತ್ತಿಗೆ ಒಂಬತ್ತು ವರ್ಷದಿಂದ ಒಂದು ಔಷಧಿ ಗೋದಾಮಿನ ಮೇಲ್ವಿಚಾರಕಿ. ಎರಡು ಸಾಲು ಕಪಾಟುಗಳ ನಡುವೆ ನಡೆಯುತ್ತಾ ಎಡಬಲ ನೋಡುವುದೇ ಅಲ್ಲಿಯ ಕೆಲಸ, ಈಗ ಅವರಿಗೆ ಆಗದೇ ಇದ್ದದ್ದೂ ಅದೇ. ತಲೆ ತಿರುಗಿಸಿದರೆ ಕಪಾಟುಗಳೇ ಜಾರಿ ಓಡುತ್ತಿದ್ದವು. ಬರುವ ತಿಂಗಳು ಮುಗಿದ ಮೇಲಿನ ಒಂದನೇ ತಾರೀಕಿಗೆ ಡಾಕ್ಟರ ಪತ್ರ ತರದಿದ್ದರೆ ಆ ಜಾಗ ಕೈಕೆಳಗಿನವಳಿಗೆ ಹೋಗುತ್ತದೆ ಎಂದು ಮಾಲೀಕರು ಹೇಳಿ ಕಳಿಸಿದ್ದರು.

ಅಣ್ಣ ಬೆಳಿಗ್ಗೆ ಆರಕ್ಕೇ ಕೆಲಸಕ್ಕೆ ಹೊರಡುತ್ತಾನೆ. ನಾನು ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವವಳು. ಹಾಗಾಗಿ ಅತ್ತಿಗೆಯ ವ್ಯಾಯಾಮಕ್ಕೆ ಕಾವಲು ನಿಲ್ಲುವ ಕೆಲಸ ನನ್ನ ತಲೆಗೆ ಬಂತು. ನನ್ನನ್ನು ಕಂಡರೆ ಅವರಿಗೆ ಆಗುವುದಿಲ್ಲ. ಫೋನಿನಲ್ಲಿ ತಂಗಿಯ ಹತ್ತಿರ ನನ್ನನ್ನು 'ನಮ್ಮನೆ ಸಿಸಿಟಿವಿ' ಅನ್ನುತ್ತಾರೆ, ನನಗೆ ಕೇಳಲಿ ಎಂದೇ ಗಟ್ಟಿಯಾಗಿ ಅನ್ನುತ್ತಾರೆ. ನನಗೂ ಅವರನ್ನು ಕಂಡರೆ ಅಷ್ಟಕ್ಕಷ್ಟೇ. ಎಂಟು ವರ್ಷದಿಂದ ಒಂದೇ ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೆಲಸ ಮಾಡಿದ್ದೇವೆ.

ವ್ಯಾಯಾಮ ಇಷ್ಟು: ಗೋಡೆಗೆ ಅಂಟಿಸಿದ ಚೀಟಿಯ ಒಂದು ಅಕ್ಷರದಿಂದ ಕಣ್ಣು ಕದಲಿಸದೆ, ಬೇಡ ಬೇಡ ಅನ್ನುವಂತೆ ಒಂದು ನಿಮಿಷ ತಲೆ ಆಡಿಸಬೇಕು. ಅಕ್ಷರ ಮಸುಕಾದರೆ ವೇಗ ತಗ್ಗಿಸಬೇಕು. ಹಜಾರದಲ್ಲಿ ಎಡಬಲ ನೋಡುತ್ತಾ ನಡೆಯಬೇಕು. ಕೊನೆಗೆ ಕೋಣೆಯ ಮೂಲೆಗೆ ಬೆನ್ನು ಮಾಡಿ, ಎದುರಿಗೆ ಕುರ್ಚಿ ಇಟ್ಟುಕೊಂಡು, ದಪ್ಪ ಸ್ಪಂಜಿನ ಮೆತ್ತೆಯ ಮೇಲೆ ಪಾದ ಜೋಡಿಸಿ ಕಣ್ಣು ಮುಚ್ಚಿ ನಿಲ್ಲಬೇಕು. ತುಸು ತಲೆ ಸುತ್ತಲೇಬೇಕು, ಸುತ್ತದಿದ್ದರೆ ಮಿದುಳಿಗೆ ಪಾಠವೇ ಇಲ್ಲ ಎಂದಿದ್ದರು ಮೇಡಂ. ಹತ್ತು ಹದಿನೈದು ನಿಮಿಷದಲ್ಲಿ ಅದು ಇಳಿದರೆ ಸರಿ. ನಾನು ಪಕ್ಕದಲ್ಲಿ ಕೈಗೆಟುಕುವಷ್ಟು ದೂರದಲ್ಲಿ ನಿಲ್ಲಬೇಕು, ಬಿದ್ದರೆ ಮಾತ್ರ ಹಿಡಿಯಬೇಕು. ಎಷ್ಟು ಸುತ್ತಿತು, ಎಷ್ಟು ಹೊತ್ತು ನಿಂತರು ಎಂದು ನೋಟುಪುಸ್ತಕದಲ್ಲಿ ಬರೆಯಬೇಕು. ಕಡೆಯ ಕಾಲಂ 'ಆಸರೆ'. ಇತ್ತೋ, ಇಲ್ಲವೋ.

ಎರಡನೆಯ ದಿನ ಮೆತ್ತೆಯ ಮೇಲೆ ಅತ್ತಿಗೆ ಓಲಾಡಿದರು. ಬಲಗೈಯ ತೋರುಬೆರಳನ್ನು ಅವರ ಮೊಣಕೈಗೆ ತಾಗಿಸಿದೆ. ಹಿಡಿಯಲಿಲ್ಲ, ಒತ್ತಲೂ ಇಲ್ಲ. ಅವರು ಕಂಬದಂತೆ ನಿಂತರು. ಕಣ್ಣು ತೆರೆದು ಮೆತ್ತೆಯಿಂದ ಇಳಿದರು. ಆಸರೆಯ ಕಾಲಮ್ಮಿನಲ್ಲಿ 'ಇಲ್ಲ' ಎಂದು ಬರೆದೆ. ಒಂದು ಬೆರಳು ಆಸರೆ ಹೇಗಾಗುತ್ತದೆ? ಮಾರನೆಯ ದಿನ ಅವರು ಕಣ್ಣು ಮುಚ್ಚುವ ಮೊದಲು ಮೊಣಕೈಯನ್ನು ಒಂದಿಷ್ಟು ನನ್ನ ಕಡೆ ಸರಿಸಿದರು. ಹಾಗೆ ಒಂದು ತಿಂಗಳು ಕಳೆಯಿತು. ಹತ್ತು ಸೆಕೆಂಡು ಇಪ್ಪತ್ತಾಯಿತು, ಇಪ್ಪತ್ತು ಮೂವತ್ತಾಯಿತು.

ಒಂದನೇ ತಾರೀಕಿಗೆ ಹದಿನೈದು ದಿನ ಇರುವಾಗ ಮೇಡಂ ಪರೀಕ್ಷೆ ಇಟ್ಟರು. ಪುಸ್ತಕ ನೋಡಿ ಸಂತೋಷಪಟ್ಟು, ಅತ್ತಿಗೆಯನ್ನು ಮೆತ್ತೆಯ ಮೇಲೆ ನಿಲ್ಲಿಸಿ ಕೈಗಡಿಯಾರ ನೋಡಿದರು. ನಾನು ಬಾಗಿಲ ಬಳಿಯ ಬೆಂಚಿನ ಮೇಲಿದ್ದೆ. ಎಂಟನೆಯ ಸೆಕೆಂಡಿಗೆ ಅತ್ತಿಗೆ ಬಲಕ್ಕೆ ವಾಲಿದರು, ಮೇಡಂ ತೋಳು ಹಿಡಿದರು. ಇನ್ನೊಮ್ಮೆ ನಿಂತರು. ಏಳು.

ಮನೆಯಲ್ಲಿ ಯಾರಾದರೂ ಮುಟ್ಟುತ್ತಾರಾ ಎಂದು ಮೇಡಂ ಕೇಳಿದರು. ಅತ್ತಿಗೆ ನನ್ನ ಕಡೆ ಬೆರಳು ಮಾಡಿ, "ಅವಳನ್ನೇ ಕೇಳಿ. ಬರೆಯೋಳು ಅವಳೇ" ಎಂದರು.

ನಾನು ನನ್ನ ಬೆರಳು ತೋರಿಸಿದೆ. ಇಷ್ಟೇ, ಎಂದೆ.

ಅಷ್ಟೇ ಸಾಕು ಎಂದರು ಮೇಡಂ. ಗಟ್ಟಿಯಾದದ್ದೊಂದು ಚರ್ಮಕ್ಕೆ ತಾಗಿದರೂ ದೇಹಕ್ಕೆ ನೇರ ಯಾವುದು ಎಂದು ಗೊತ್ತಾಗಿಬಿಡುತ್ತದೆ. ಕಣ್ಣು ಮುಚ್ಚಿಸಿ, ಮೆತ್ತೆಯ ಮೇಲೆ ನಿಲ್ಲಿಸುವುದು ಕಣ್ಣಿನ ಮತ್ತು ಪಾದದ ಸುಳಿವನ್ನು ಕಿತ್ತುಕೊಂಡು ಕಿವಿಯನ್ನು ದುಡಿಸುವುದಕ್ಕೆ. ನೀವು ಬೆರಳಿನಲ್ಲಿ ಹೊಸ ಸುಳಿವು ಕೊಟ್ಟಿರಿ, ಅವರ ಕಿವಿ ಕಲಿಯಲೇ ಇಲ್ಲ. ಅವರು ಬೈಯಲಿಲ್ಲ. ಆದರೆ ಡಾಕ್ಟರಿಗೆ ಕಳಿಸಬೇಕಿದ್ದ ವರದಿಯನ್ನು ಮಡಚಿ ಒಳಗಿಟ್ಟರು. ಹದಿಮೂರು ದಿನ ಬಿಟ್ಟು ಬನ್ನಿ ಎಂದರು.

ಮನೆಗೆ ಬಂದು ಚಪ್ಪಲಿ ಬಿಡುವಾಗ ಅತ್ತಿಗೆ ಗೋಡೆ ಹಿಡಿದು ನಿಂತು ಹೇಳಿದರು:

"ಬೇಕಂತಲೇ ಮಾಡಿದೆ ನೀನು. ನಾನು ಮೂಲೇಲಿ ಬಿದ್ದಿದ್ರೆ ಈ ಮನೆ ನಿಂದೇ ಅಲ್ವಾ?"

"ನೀವು ಬೀಳ್ತೀರ ಅಂತ ಭಯ ಆಯ್ತು, ಅತ್ತಿಗೆ. ಮೊಣಕೈ ಸರಿಸಿದ್ದು ಯಾರು ಮತ್ತೆ?"

"ಹೌದು, ಸರಿಸಿದೆ. ಕಣ್ಣು ಮುಚ್ಕೊಂಡಿರೋಳಿಗೆ ಸಿಕ್ಕಿದ್ದು ಹಿಡ್ಕೋಬೇಕು ಅನ್ಸತ್ತೆ. ನಿಂಗೆ ಕಣ್ಣಿತ್ತಲ್ಲ. ಊರಿಗೆಲ್ಲಾ ತಪ್ಪು ತಿದ್ದೋಳು, ಸುಳ್ಳು ಬರೀವಾಗ ಕೈ ನಡುಗಲಿಲ್ವಾ?"

ಭಯದಿಂದ ಮಾಡಿದೆ ಎಂದದ್ದು ಪೂರ್ತಿ ನಿಜವಾಗಿರಲಿಲ್ಲ. ಈ ನಾಲ್ಕು ತಿಂಗಳು ಸಾಸಿವೆ ಡಬ್ಬಿ ನಾನಿಟ್ಟ ಜಾಗದಲ್ಲೇ ಇತ್ತು. ಬೆಳಿಗ್ಗೆ ಏನು ತಿಂಡಿ ಎಂದು ಅಣ್ಣ ನನ್ನನ್ನು ಕೇಳುತ್ತಿದ್ದ. ಅದು ನನಗೆ ಹಿತವಾಗಿತ್ತು. ಆದರೆ ಭಯವೂ ಸುಳ್ಳಲ್ಲ. ಎರಡರಲ್ಲಿ ಆ ಬೆರಳನ್ನು ಚಾಚಿದ್ದು ಯಾವುದು ಎಂದು ಈಗಲೂ ನನಗೆ ಬೇರ್ಪಡಿಸಲು ಬರುವುದಿಲ್ಲ.

ಮಾರನೆಯ ಬೆಳಿಗ್ಗೆ ಮೂಲೆಗೆ ಹೋದಾಗ ಮೆತ್ತೆಯ ಪಕ್ಕ ಒಂದು ದೊಡ್ಡ ಪಾತ್ರೆ ಇತ್ತು. ಕಂಠದವರೆಗೆ ನೀರು.

"ಎರಡೂ ಕೈಯಲ್ಲಿ ಹಿಡ್ಕೊ. ಒಂದು ತೊಟ್ಟು ಚೆಲ್ಲಿದ್ರೂ ನೀನು ಕೈ ಚಾಚಿದೆ ಅಂತ ನಂಗೆ ಗೊತ್ತಾಗತ್ತೆ."

ಬಿದ್ದರೆ ಏನು ಗತಿ ಎಂದೆ. ಹಿಂದೆ ಎರಡು ಗೋಡೆ, ಮುಂದೆ ಕುರ್ಚಿ, ನಿನ್ನ ಅಗತ್ಯ ಇಲ್ಲ ಎಂದರು. ಪಾತ್ರೆ ಹಿಡಿದೆ. ಅವರು ಕಣ್ಣು ಮುಚ್ಚಿದರು. ಏಳನೆಯ ಸೆಕೆಂಡಿಗೆ ಭುಜ ಗೋಡೆಗೆ ಬಡಿಯಿತು. ನನ್ನ ತೋಳಿನ ನರಗಳೆಲ್ಲ ಅತ್ತ ಎಳೆದವು, ನೀರು ಅಂಚಿಗೆ ಬಂದು ನಿಂತಿತು. ಅವರು ಗೋಡೆಯಿಂದ ಬಿಡಿಸಿಕೊಂಡು ಪಾದ ಜೋಡಿಸಿ ಮತ್ತೆ ನಿಂತರು. ದಿನಕ್ಕೆ ಮೂರು ಸಲ. ಮೂರನೆಯ ದಿನಕ್ಕೆ ಭುಜದಲ್ಲಿ ನೀಲಿ ಕಲೆ. ಹಿತ್ತಾಳೆ ಪಾತ್ರೆ ಹೊತ್ತು ನನ್ನ ಮಣಿಕಟ್ಟುಗಳೂ ಬಾತಿದ್ದವು. ಅದಕ್ಕೆ ಅತ್ತಿಗೆ, ಚಿಕ್ಕ ಪಾತ್ರೆ ಸಾಕಿತ್ತು, ದೊಡ್ಡದನ್ನು ತಾವೇ ಬೇಕಂತಲೇ ಆರಿಸಿದ್ದು ಎಂದರು. ಐದನೆಯ ದಿನ ಹನ್ನೊಂದು ಸೆಕೆಂಡು. ಒಂಬತ್ತನೆಯ ದಿನ ಮತ್ತೆ ಒಂಬತ್ತಕ್ಕೇ ಇಳಿದು, ಕುರ್ಚಿಯನ್ನು ಒದ್ದು ಹೋದರು. ಹನ್ನೆರಡನೆಯ ದಿನ ಹತ್ತೊಂಬತ್ತು.

ಪರೀಕ್ಷೆಯಲ್ಲಿ ಇಪ್ಪತ್ತೆರಡು ಸೆಕೆಂಡು ನಿಂತರು. ತಲೆ ಆಡಿಸುತ್ತಾ ಆಸ್ಪತ್ರೆಯ ಕಾರಿಡಾರಿನ ತುದಿಯವರೆಗೆ ಅಡ್ಡಾದಿಡ್ಡಿಯಾಗದೆ ನಡೆದರು. ಮೇಡಂ ವರದಿ ಬರೆದರು, ಡಾಕ್ಟರು ಪತ್ರ ಕೊಟ್ಟರು: ಕೆಲಸಕ್ಕೆ ಹೋಗಬಹುದು, ಎರಡು ತಿಂಗಳು ಏಣಿ ಹತ್ತಬಾರದು, ವ್ಯಾಯಾಮ ನಿಲ್ಲಿಸಬಾರದು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ನನ್ನ ಕೈ ತಾನಾಗಿ ಮುಂದೆ ಹೋಯಿತು. ಅತ್ತಿಗೆ ಅದನ್ನೇ ನೋಡುತ್ತಾ ನಿಂತರು, ನಾನು ಹಿಂದಕ್ಕೆ ತೆಗೆಯುವವರೆಗೂ.

ಒಂದನೇ ತಾರೀಕು ಹೊರಡುವ ಮೊದಲು ಸಾಸಿವೆ ಡಬ್ಬಿಯನ್ನು ಅದರ ಹಳೆಯ ಜಾಗಕ್ಕೆ ಎತ್ತಿಟ್ಟರು. ಆಮೇಲೆ ನೋಟುಪುಸ್ತಕವನ್ನು ನನ್ನ ಕರಡು ಹಾಳೆಗಳ ಮೇಲೆ ಹಾಕಿದರು.

"ಮೇಡಂ ಇದನ್ನ ಫೈಲಿಗೆ ಕೇಳಿದಾರೆ. ನೀನೇ ಬರ್ದಿದ್ದು, ನೀನೇ ತಿದ್ದು."

ಅವರು ರಸ್ತೆ ದಾಟುವುದನ್ನು ಕಿಟಕಿಯಿಂದ ನೋಡಿದೆ. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಒಂದು ಗಳಿಗೆ ನಿಂತು ದಾಟಿದರು. ನಾನು ಕೂತು ಕೆಂಪು ಪೆನ್ನು ತೆಗೆದೆ. ಎರಡನೆಯ ದಿನದ ಸಾಲಿನಿಂದ 'ಇಲ್ಲ' ಎಂಬುದನ್ನು ಹೊಡೆದು 'ಇತ್ತು' ಎಂದು ಬರೆಯುತ್ತಾ ಬಂದೆ. ಇಪ್ಪತ್ತೊಂಬತ್ತು ಕಡೆ.