ಕಾಲರ್ ಪಾಠದ ಗಂಟೆಗಳು

ಅಕ್ಕ ಬಟ್ಟೆ ಹೊಲಿಯುವವಳು. ಅವಳು ಕತ್ತರಿಸುವುದನ್ನೂ ಹೊಲಿಯುವುದನ್ನೂ ತಂಗಿ ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕುತ್ತಿದ್ದಳು. ಅಂಗಡಿಯ ಹಿಂದಿನ ಕೋಣೆಯ ಮೇಜು, ಕಿಟಕಿಯ ಬೆಳಕು, ಇಷ್ಟೇ ಅವರ ಬಂಡವಾಳ.

"ಜಾಹೀರಾತಿನ ಪಾಲು ಬರ್ಬೇಕಂದ್ರೆ ಸಾವಿರ ಸಬ್‌ಸ್ಕ್ರೈಬರ್ಸ್ ಬೇಕಕ್ಕ. ಜೊತೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಜನ ನಾಲ್ಕು ಸಾವಿರ ಗಂಟೆ ನೋಡಿರ್ಬೇಕು. ಇಲ್ಲಾಂದ್ರೆ ಮೂರು ತಿಂಗಳಲ್ಲಿ ಶಾರ್ಟ್ಸ್ ಅನ್ನೋ ಪುಟ್ಟ ವಿಡಿಯೊಗಳಿಗೆ ಒಂದು ಕೋಟಿ ವ್ಯೂಸ್."

"ಕೋಟಿ ಸಲ ನನ್ನ ಕಾಜಾ ಯಾರು ನೋಡ್ತಾರೆ? ಗಂಟೆ ದಾರೀನೇ ಹಿಡಿಯೋಣ," ಎಂದು ಅಕ್ಕ ನಕ್ಕಿದ್ದಳು.

ಸಾವಿರ ಜನ ಸೇರಿದ್ದನ್ನು ಅವಳು ಕಂಡಳು. ಗಂಟೆಗಳು ತುಂಬುವ ಮೊದಲೇ ಕಾಯಿಲೆ ಅವಳನ್ನು ಕರೆದೊಯ್ದಿತು.

ಆಮೇಲೂ ತಂಗಿ ದಿನಾ ಬೆಳಿಗ್ಗೆ ಸ್ಟುಡಿಯೊ ಆ್ಯಪ್‌ನ 'ಅರ್ನ್' ಪುಟ ತೆರೆದು ಗಂಟೆಗಳ ಲೆಕ್ಕ ನೋಡುತ್ತಿದ್ದಳು. ಗಂಟೆಗಳು ಏರುವುದು ಬಿಟ್ಟು ಇಳಿಯತೊಡಗಿದವು.

"ನೋಡಿದ್ದು ನೋಡಿದ್ದೇ ಅಲ್ವಾ? ಅದು ಹೇಗೆ ಕಮ್ಮಿಯಾಗುತ್ತೆ?" ಎಂದು ಭಾವ ಕೇಳಿದ.

"ವರ್ಷ ದಾಟಿದ ಗಂಟೆ ಬಿಟ್ಟುಹೋಗುತ್ತೆ ಭಾವ. ಹೊಸದು ಸೇರ್ತಾ ಇರ್ಬೇಕು."

ಹೊಸದೆಂದು ಅವಳ ಬಳಿ ಉಳಿದಿದ್ದದ್ದು ಒಂದೇ, ಅಕ್ಕ ಕೊನೆಯದಾಗಿ ಹೇಳಿಕೊಟ್ಟ ಕಾಲರ್ ಪಾಠ. ಅದರ ತುಣುಕುಗಳನ್ನು ಜೋಡಿಸಿ ಹಾಕಿದಳು. ಯಾಕೋ ಏನೋ, ಜನ ಮುಗಿಬಿದ್ದು ನೋಡಿದರು. ವಾರಗಳಲ್ಲೇ ಲೆಕ್ಕ ನಾಲ್ಕು ಸಾವಿರದ ಹತ್ತಿರ ಬಂತು.

ಒಂದು ಮಧ್ಯಾಹ್ನ ಭಾವ ಅಂಗಡಿಯಲ್ಲಿ ನಿಂತೇ ಕಾಮೆಂಟುಗಳನ್ನು ಓದುತ್ತಿದ್ದ. 'ಕೈ ಯಾಕೆ ಹೀಗೆ ಕಡ್ಡಿಯಾಗಿದೆ?' 'ಇವರು ಬದುಕಿದ್ದಾರಾ?' ಫೋನನ್ನು ಮೇಜಿನ ಮೇಲೆ ಮಗುಚಿಟ್ಟ.

"ಇದನ್ನ ತೆಗೀತೀಯಾ?"

"ಪ್ರೈವೇಟ್ ಮಾಡಿದ್ರೆ ಇದರ ಗಂಟೆ ಲೆಕ್ಕಕ್ಕೆ ಬರಲ್ಲ ಭಾವ. ಇನ್ನೇನು ಮುಟ್ಟೇಬಿಟ್ವಿ. ಅಕ್ಕನ ಆಸೆ ಅಲ್ವಾ ಇದು?"

ಭಾವ ಅಳತೆ ಟೇಪನ್ನು ಬೆರಳಿಗೆ ಸುತ್ತಿದ. "ಆಸೆ ಇತ್ತು. ಆದ್ರೆ ಕೊನೆಕೊನೆಗೆ ನಾನು ನೀರು ಕುಡಿಸುವಾಗ್ಲೂ ಕೈಯನ್ನ ಹೊದಿಕೆಯೊಳಗೆ ಮುಚ್ಚಿಡ್ತಿದ್ಲು ಕಣಮ್ಮ."

ಹೊಲಿಗೆ ಸರಿಯಾಗಿ ಕಾಣಲೆಂದು ಆ ಕೈಗಳನ್ನು ತೆರೆ ತುಂಬ ಹಿಗ್ಗಿಸಿ ತೋರಿಸಿದವಳು ತಂಗಿಯೇ. ಅಲ್ಲೇ ಕೂತು ವಿಡಿಯೊವನ್ನು ಪ್ರೈವೇಟ್ ಮಾಡಿದಳು. ಕೆಲವು ದಿನಗಳಲ್ಲಿ ಗಂಟೆಗಳು ಎರಡು ಸಾವಿರದ ಕೆಳಗೆ ಬಂದು ನಿಂತವು. ಅವಳು ಆ ಪುಟ ತೆರೆಯುವುದನ್ನು ಬಿಟ್ಟಳು.

ಒಂದು ಭಾನುವಾರ ಭಾವ ಬಾಗಿಲ ಬಳಿ ಬಂದು ನಿಂತ. "ನಿನ್ನ ಫೋನಲ್ಲಿ ಈಗ್ಲೂ ಕಾಣುತ್ತಾ ಅದು?"

"ಕಾಣುತ್ತೆ ಭಾವ. ನಮಗೆ ಮಾತ್ರ."

ಇಬ್ಬರೂ ಮೇಜಿನ ಬಳಿ ಕೂತು ನೋಡಿದರು. ನಡುವೆ ಅಕ್ಕ ಕೆಮ್ಮಿ, "ತಾಳು, ಇದನ್ನ ಇನ್ನೊಂದ್ಸಲ ತೋರಿಸ್ತೀನಿ," ಎಂದಳು. ಭಾವ ಮುಖ ಒರೆಸಿಕೊಂಡ.

"ನಾವು ನೋಡಿದ್ದು ಲೆಕ್ಕಕ್ಕೆ ಸೇರಲ್ಲ, ಅಲ್ವಾ?"

"ಸೇರಲ್ಲ ಭಾವ."

"ಹಾಗಿದ್ರೆ ಮೊದಲಿಂದ ಹಾಕು," ಎಂದ.