ಒಬ್ಬರ ಕೈಕೆಳಗೆ ಎಷ್ಟು ಮಂದಿ

ಕುಮುದಾ ಚುಕ್ಕಿ ಇಡಲು ಶುರು ಮಾಡಿದ್ದು ಕಲ್ಯಾಣಪ್ಪನವರ ಕೆಲಸ ಉಳಿಸಲಿಕ್ಕೆ. ಅದೇ ಚುಕ್ಕಿಗಳು ಅವರ ಕೆಲಸಕ್ಕೆ ಕುತ್ತು ತಂದವು.

2007ರ ಫೆಬ್ರವರಿ. ಹೈಟೆಕ್ ಸಿಟಿಯ ಒಂದು ಗಾಜಿನ ಕಟ್ಟಡದ ನಾಲ್ಕನೇ ಮಹಡಿ. ಅಮೆರಿಕದ ಆಸ್ಪತ್ರೆಗಳು ವಿಮಾ ಕಂಪನಿಗೆ ಕಳಿಸುವ ಫಾರಂಗಳ ಚಿತ್ರಗಳು ಇಲ್ಲಿಯ ಪರದೆಗಳ ಮೇಲೆ ಬರುತ್ತಿದ್ದವು. ಹದಿನೆಂಟು ಮಂದಿ ಅವನ್ನು ಓದಿ ಟೈಪ್ ಮಾಡುತ್ತಿದ್ದರು. ಯಾವ ಫಾರಂ ಪಾಸಾಗಬೇಕು, ಯಾವುದು ವಾಪಸ್ಸಾಗಬೇಕು ಎಂದು ಕಂಪ್ಯೂಟರಿಗೆ ಹೇಳಿಕೊಡುವ ನಿಯಮಗಳನ್ನು ಐದು ಮಂದಿ ಬರೆಯುತ್ತಿದ್ದರು. ಬಾಗಲಕೋಟೆಯ ಕುಮುದಾ ಇಡೀ ವಿಭಾಗದ ಮ್ಯಾನೇಜರ್. ನಿಯಮ ಬರೆಯುವ ಐವರು ನೇರವಾಗಿ ಅವಳ ಕೈಕೆಳಗೆ. ಟೈಪ್ ಮಾಡುವ ಹದಿನೆಂಟು ಮಂದಿ ಕಲ್ಯಾಣಪ್ಪನವರ ಕೈಕೆಳಗೆ, ಕಲ್ಯಾಣಪ್ಪನವರು ಕುಮುದಾಳ ಕೈಕೆಳಗೆ.

ಕಲ್ಯಾಣಪ್ಪನವರಿಗೆ ಐವತ್ತೊಂದು. ಯಾದಗಿರಿ ಕಡೆಯವರು. ಕಾಚಿಗೂಡದ ಒಂದು ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತು ವರ್ಷ ಬಿಲ್ ಬರೆದು, ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದಿದ್ದರು. ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದರು. ಆದರೆ ಲೋಕದ ಯಾವ ಡಾಕ್ಟರ ಅಕ್ಷರವನ್ನಾದರೂ ಓದಬಲ್ಲವರಾಗಿದ್ದರು. ಅದಕ್ಕೇ ಅವರನ್ನು ಟೀಮ್ ಲೀಡರ್ ಮಾಡಿದ್ದು.

ಬೆಂಗಳೂರಿನ ಮುಖ್ಯ ಕಚೇರಿಯಿಂದ ಪತ್ರ ಬಂದಿತ್ತು. ಸಂಸ್ಥೆಯಲ್ಲಿ ಮೇಲಿಂದ ಕೆಳಗಿನವರೆಗೆ ಹಂತಗಳು ಹೆಚ್ಚಾಗಿವೆ. ಇನ್ನು ಮುಂದೆ ಪ್ರತಿ ವಿಭಾಗದಲ್ಲೂ ಒಬ್ಬ ಮುಖ್ಯಸ್ಥನ ಕೈಕೆಳಗೆ ನೇರವಾಗಿ ಸರಾಸರಿ ಕನಿಷ್ಠ ಹದಿನೈದು ಮಂದಿ ಇರಬೇಕು. ಕುಮುದಾಳಿಗೆ ಆರು, ಕಲ್ಯಾಣಪ್ಪನವರಿಗೆ ಹದಿನೆಂಟು. ಸರಾಸರಿ ಹನ್ನೆರಡು. ಸುಲಭದ ದಾರಿ ಎಲ್ಲರಿಗೂ ಕಾಣುತ್ತಿತ್ತು. ಕಲ್ಯಾಣಪ್ಪನವರ ಹಂತವನ್ನೇ ತೆಗೆದು ಅವರನ್ನೂ ಟೈಪ್ ಮಾಡಲು ಕೂರಿಸುವುದು. ಟೈಪ್ ಮಾಡುವವರಿಗೆ ದಿನಕ್ಕೆ ನೂರಿಪ್ಪತ್ತು ಫಾರಂ ಕಡ್ಡಾಯ. ಮೂರು ತಿಂಗಳು ಅಷ್ಟಾಗದಿದ್ದರೆ ಮನೆಗೆ. ಎರಡು ಬೆರಳಿಗೆ ಎಪ್ಪತ್ತರ ಮೇಲೆ ಆಗುತ್ತಿರಲಿಲ್ಲ.

"ಅವರನ್ನ ತೆಗೀಬ್ಯಾಡ್ರಿ ಅಂದ್ರ ಕೇಳಂಗಿಲ್ಲ. ಅಂಕಿ ತೋರಿಸಬೇಕು," ಎಂದುಕೊಂಡು ಕುಮುದಾ ಒಂದು ಗ್ರಾಫ್ ಹಾಳೆ ತಂದಳು. ಎರಡು ವಾರ ತನ್ನ ಮೇಜಿಗೆ ಯಾರು ಬಂದರೂ ಅವರ ಹೆಸರಿನ ಮುಂದೆ ಒಂದು ಚುಕ್ಕಿ, ಚುಕ್ಕಿಯ ಕೆಳಗೆ ಎಷ್ಟು ನಿಮಿಷ ಎಂದು ಬರೆದಿಟ್ಟಳು. ನಿಯಮ ಬರೆಯುವ ಐವರೇ ದಿನಕ್ಕೆ ನಾಲ್ಕೂವರೆ ಗಂಟೆ ತಿನ್ನುತ್ತಿದ್ದರು. ಅವರಲ್ಲಿ ಒಬ್ಬರ ಕೆಲಸ ಇನ್ನೊಬ್ಬರ ಕೆಲಸದ ಹಾಗಿರಲಿಲ್ಲ. ಒಬ್ಬರು ಬರೆದದ್ದು ಇನ್ನೊಬ್ಬರು ಬರೆದದ್ದನ್ನು ಕೆಡಿಸಬಹುದಿತ್ತು. ಪ್ರತಿಯೊಂದಕ್ಕೂ ಕೂತು ಮಾತಾಡಬೇಕು. ಇಂಥವರು ಆರೇಳಕ್ಕಿಂತ ಹೆಚ್ಚಾದರೆ ಯಾರಿಂದಲೂ ನಿಭಾಯಿಸಲಾಗದು ಎಂದು ಚುಕ್ಕಿಗಳು ಚೆನ್ನಾಗಿಯೇ ಹೇಳಿದವು. ಆದ್ದರಿಂದ ತನ್ನ ಆರು ಸರಿಯಾದ ಸಂಖ್ಯೆ, ಅದಕ್ಕೆ ಕಲ್ಯಾಣಪ್ಪನವರ ಹದಿನೆಂಟನ್ನು ಸೇರಿಸಲಾಗದು. ಹಾಳೆಯನ್ನು ತನ್ನ ಮೇಲಧಿಕಾರಿ ಸೂರ್ಯನಾರಾಯಣ ಅವರಿಗೆ ತೋರಿಸಿದಳು.

ಸೂರ್ಯನಾರಾಯಣ ಮೈಸೂರಿನವರು. ಕನ್ನಡಕವನ್ನು ಹಣೆಗೇರಿಸಿಕೊಂಡು ಹಾಳೆಯನ್ನು ತುಂಬ ಹೊತ್ತು ನೋಡಿದರು.

"ಭೇಷ್ ಕಣಮ್ಮಾ. ಇಷ್ಟು ನೀಟಾಗಿ ಯಾರೂ ಮಾಡಿರಲಿಲ್ಲ. ಈ ಕೆಳಗಿನ ಹದಿನೆಂಟು ಹೆಸರು ಯಾರದು?"

"ಟೈಪ್ ಮಾಡೋರದು, ಸರ್."

"ಎರಡು ವಾರಕ್ಕೆ ಒಟ್ಟು ಏಳು ಚುಕ್ಕಿ. ಅಂದ್ರೆ ಈ ಹದಿನೆಂಟು ಜನ ನಿನಗೆ ಖರ್ಚೇ ಇಲ್ಲ. ಒಂದೇ ಥರದ ಕೆಲಸ, ತಪ್ಪು ಮಾಡಿದ್ರೆ ಕಂಪ್ಯೂಟರೇ ತೋರಿಸುತ್ತೆ. ಇವರು ನಿನ್ನ ಹತ್ರವೇ ಇರಲಿ ಬಿಡು. ಮಧ್ಯದಲ್ಲಿ ಒಬ್ಬ ಲೀಡರ್ ಯಾಕೆ?"

ಕುಮುದಾ ಏಳು ಚುಕ್ಕಿಗಳನ್ನು ಮತ್ತೆ ಎಣಿಸಿದಳು. ಹಾಳೆ ಅವಳದೇ, ಅಕ್ಷರ ಅವಳದೇ.

"ಒಂದು ವಾರ ಹಾಗೆ ನಡೆಸಿ ನೋಡು. ಆಮೇಲೆ ಯಾರ ಕೈಕೆಳಗೆ ಯಾರು ಅನ್ನೋ ಪಟ್ಟಿ ಬೆಂಗಳೂರಿಗೆ ಕಳಿಸೋಣ," ಎಂದರು ಅವರು, ಬಹಳ ಮೃದುವಾಗಿ.

ಕ್ಯಾಂಟೀನಿನಲ್ಲಿ ಕಲ್ಯಾಣಪ್ಪನವರು ಉಸ್ಮಾನಿಯಾ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು. ಎಲ್ಲರೆದುರು ಅವಳನ್ನು ಮೇಡಂ ಎನ್ನುತ್ತಿದ್ದರು. ಇಬ್ಬರೇ ಇದ್ದಾಗ ಮಾತ್ರ ತಂಗಿ.

"ಕಲ್ಯಾಣಪ್ಪಾರ, ನಾ ಒಂದು ದೊಡ್ಡ ತಪ್ಪು ಮಾಡೀನಿ," ಎಂದು ಅವಳು ಎಲ್ಲವನ್ನೂ ಹೇಳಿದಳು.

ಅವರು ಬಿಸ್ಕತ್ತು ಮುರಿದು ಚಹಾದಲ್ಲಿ ಬೀಳುವ ಮುಂಚೆ ಬಾಯಿಗೆ ಹಾಕಿಕೊಂಡರು. "ಹಾಳಿ ತೋರಸು." ನೋಡಿದರು. "ನಮ್ಮ ಸ್ನೇಹಲತಾಗ ಒಂದೂ ಚುಕ್ಕಿ ಇಲ್ಲಲ್ಲ. ದಿನಾ ಹನ್ನೊಂದಕ್ಕ ಬಂದು ನನ್ನ ತಲಿ ತಿಂತಾಳ."

"ನಿಮ್ಮ ಹತ್ರ ಬಂದದ್ದು ಇದರಾಗ ಇಲ್ಲರಿ."

"ಮತ್ತ? ನನ್ನ ಮೇಜಿನ ಮ್ಯಾಗ ಯಾರೂ ಹಾಳಿ ಇಟ್ಟಿಲ್ಲ." ಅವರು ನಕ್ಕರು. "ಹೋಗ್ಲಿ ಬಿಡು ತಂಗಿ. ಒಂದು ವಾರ ಅಂದಾರಲ್ಲ, ನಾ ಆ ಮೂಲ್ಯಾಗ ಕುಂತು ಟೈಪ್ ಮಾಡ್ತೀನಿ. ಯಾರು ಬಂದ್ರೂ ನಿನ್ನ ಕಡೆ ಕಳಸ್ತೀನಿ. ಸೊಲ್ಲು ಎತ್ತಂಗಿಲ್ಲ. ನಾ ಸಹಾಯ ಮಾಡಿದ್ರ ಅದೂ ಸುಳ್ಳು ಲೆಕ್ಕಾ ಆಗ್ತೈತಿ."

ಹೇಳಿದ ಹಾಗೆಯೇ ಮಾಡಿದರು. ಸೋಮವಾರ ಕಿಟಕಿಯ ಮೂಲೆಗೆ ಹೋಗಿ ಕೂತು, ಎರಡು ಬೆರಳನ್ನು ಕೋಳಿ ಕಾಳು ಹೆಕ್ಕಿದ ಹಾಗೆ ಆಡಿಸತೊಡಗಿದರು. ಅಭ್ಯಾಸಬಲದಿಂದ ಎದ್ದು ಅವರತ್ತ ಹೋದವರಿಗೆ ಬರೀ ಗದ್ದದಿಂದ ಕುಮುದಾಳ ಮೇಜು ತೋರಿಸಿದರು. ಆ ದಿನ ಹದಿನೆಂಟು ಮಂದಿಯಿಂದ ಹದಿನಾಲ್ಕು ಚುಕ್ಕಿ. ಹೆಚ್ಚಿನವು ಎರಡೇ ನಿಮಿಷದವು. ಇದು ಆಗುವ ಕೆಲಸವೇ ಎಂದು ಕುಮುದಾಳಿಗೂ ಅನ್ನಿಸಿತು, ಹಾಗನ್ನಿಸಿದ್ದಕ್ಕೆ ಬೇಸರವಾಯಿತು. ಸಂಜೆ ನೋಡಿದರೆ ಮೂಲೆಯ ಪರದೆಯಲ್ಲಿ ಅರವತ್ತೆಂಟು ಫಾರಂ.

ಬುಧವಾರ ಬೆಳಿಗ್ಗೆ ಫಾರಂ ಬದಲಾಯಿತು.

ಡಾಕ್ಟರುಗಳಿಗೆಲ್ಲ ಹತ್ತಂಕಿಯ ಹೊಸ ಗುರುತು ಸಂಖ್ಯೆ ಬಂದಿತ್ತು. ಹೊಸ ಫಾರಂನಲ್ಲಿ ಅದನ್ನು ಬರೆಯಲು ಒಂದು ಚೌಕದ ಮನೆ, ಹಳೆಯ ಸಂಖ್ಯೆಗೆ ಇನ್ನೊಂದು. ಕೆಲವು ಆಸ್ಪತ್ರೆಗಳು ಹೊಸ ಫಾರಂ ಕಳಿಸಿದವು, ಕೆಲವು ಹಳೆಯದು, ಕೆಲವು ಹಳೆಯ ಫಾರಂನ ಅಂಚಿನಲ್ಲಿ ಹೊಸ ಸಂಖ್ಯೆ ಗೀಚಿ ಕಳಿಸಿದವು. ನಿನ್ನೆಯವರೆಗೆ ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸವನ್ನು ಹದಿನೆಂಟು ಮಂದಿಯೂ ಒಟ್ಟಿಗೇ ಮರೆತರು. ಹತ್ತು ಗಂಟೆಯ ಹೊತ್ತಿಗೆ ಕುಮುದಾಳ ಮೇಜಿನೆದುರು ಸಾಲು ನಿಂತಿತ್ತು.

"ಮೇಡಂ, ಇದು ಏಳೋ ಒಂದೋ?" ಎಂದಳು ಬೀದರಿನ ಸ್ನೇಹಲತಾ. "ಕಲ್ಯಾಣಪ್ಪ ಅಣ್ಣಾರು ನೋಡಿದ್ರ ಗೊತ್ತಾಗ್ತಿತ್ತು. ಅವರು ಬರೀ ಗದ್ದದಿಂದ ನಿಮ್ಮ ಕಡೆ ತೋರಸ್ತಾರ."

ಕುಮುದಾಳಿಗೂ ಗೊತ್ತಾಗಲಿಲ್ಲ. ಹಿಂದೆ ನಿಂತವನು ತೆಲುಗಿನಲ್ಲಿ, ಅವನ ಹಿಂದಿನವಳು ಹಿಂದಿಯಲ್ಲಿ, ಅದನ್ನೇ ಕೇಳಿದರು. ಸಾಲಿನ ಕೊನೆಗೆ ನಿಯಮ ಬರೆಯುವ ಮಧುರಾ ನಿಂತಿದ್ದಳು, ಒಂದು ಕಾಗದ ಹಿಡಿದುಕೊಂಡು. ಒಮ್ಮೆ ಹೋದಳು. ಮತ್ತೆ ಬಂದಳು. ಮಧ್ಯಾಹ್ನ ಮೂರಕ್ಕೆ ಮತ್ತೊಮ್ಮೆ ಇಣುಕಿದಳು.

"ಮಧುರಾ, ಅರ್ಧ ತಾಸು ತಡಿ," ಎಂದಳು ಕುಮುದಾ. ಅದನ್ನು ಬೆಳಿಗ್ಗೆಯಿಂದ ಮೂರನೇ ಸಲ ಹೇಳುತ್ತಿದ್ದಳು. ಮಧುರಾ ಆಮೇಲೆ ಬರಲಿಲ್ಲ. ಕುಮುದಾ ಸಂಜೆಯವರೆಗೆ ಎಪ್ಪತ್ತೊಂದು ಚುಕ್ಕಿ ಇಟ್ಟಳು. ಕೊನೆಕೊನೆಗೆ ನಿಮಿಷ ಬರೆಯುವುದನ್ನೂ ಬಿಟ್ಟಳು.

ಮರುದಿನ ಬಂದಾಗ ನಾನೂರ ಹನ್ನೆರಡು ಫಾರಂ ವಾಪಸ್ಸಾಗಿದ್ದವು. ಎಲ್ಲವೂ ಸರಿಯಾದ ಫಾರಂಗಳೇ.

"ಹಳೇ ನಂಬರಿನ ಮನೆ ಖಾಲಿ ಇದ್ದರೆ ವಾಪಸ್ ಕಳಿಸಬೇಕಾ, ಪಾಸ್ ಮಾಡಬೇಕಾ ಅಂತ ಕೇಳೋದಕ್ಕೆ ಬಂದಿದ್ದೆ," ಎಂದಳು ಮಧುರಾ. ಅವಳು ಉಡುಪಿಯ ಹುಡುಗಿ, ಕೋಪ ಬಂದಾಗ ಇನ್ನೂ ಮೆಲ್ಲಗೆ ಮಾತಾಡುವವಳು. "ನಿಮಗೆ ಪುರುಸೊತ್ತಿರಲಿಲ್ಲ. ವಾಪಸ್ ಕಳಿಸಬೇಕು ಅಂತ ಅಂದಾಜು ಮಾಡಿ ಬರೆದೆ. ತಪ್ಪು ನನ್ನದೇ."

"ನಿಂದಲ್ಲ," ಎಂದಳು ಕುಮುದಾ. "ನಿನ್ನ ಪ್ರಶ್ನೆಗೆ ಹತ್ತು ನಿಮಿಷ ಸಾಕಿತ್ತು. ನನ್ನ ಹತ್ರ ಇರಲಿಲ್ಲ."

ನಾನೂರ ಹನ್ನೆರಡನ್ನೂ ಮತ್ತೆ ಓಡಿಸಲು ಆ ದಿನವೆಲ್ಲ ಹಿಡಿಯಿತು. ಮಧ್ಯಾಹ್ನ ಕುಮುದಾ ಮೂಲೆಗೆ ಹೋಗಿ, "ವಾರ ಇವತ್ತಿಗೇ ಮುಗೀತು ಅಂತ ತಿಳೀರಿ. ಏಳ್ರಿ," ಎಂದಳು. ಕಲ್ಯಾಣಪ್ಪನವರು ಬೆರಳು ನೆಟಿಗೆ ಮುರಿದುಕೊಂಡು ಎದ್ದರು. ಪ್ರತಿಯೊಬ್ಬರ ಮೇಜಿಗೂ ಹೋಗಲಿಲ್ಲ. ತಪ್ಪಿಲ್ಲದೆ ಟೈಪ್ ಮಾಡುವ ಇಬ್ಬರನ್ನು ಕರೆದು ಮೂರು ಬಗೆಯ ಫಾರಂ ತೋರಿಸಿ, ಒಬ್ಬರನ್ನು ಆ ಸಾಲಿಗೆ, ಇನ್ನೊಬ್ಬರನ್ನು ಈ ಸಾಲಿಗೆ ಕಳಿಸಿದರು. ಆಮೇಲೆ ಸ್ನೇಹಲತಾಳ ಪರದೆಗೆ ಬಗ್ಗಿ, "ಏಳು ಅದು. ಬುದ್ಧಿಗೇಡಿ ಡಾಕ್ಟರ್ ಅಡ್ಡಗೆರಿ ಎಳೆಯೋದು ಮರ್ತಾನ," ಎಂದರು.

ಈ ಸಲ ಕುಮುದಾ ಸೂರ್ಯನಾರಾಯಣ ಅವರ ಬಳಿಗೆ ಎರಡು ಹಾಳೆ ಒಯ್ದಳು. ಒಂದು ಕಲ್ಯಾಣಪ್ಪನವರು ಇದ್ದಾಗಿನದು, ಇನ್ನೊಂದು ಇಲ್ಲದ ಬುಧವಾರದ್ದು. ಎರಡನೆಯದರಲ್ಲಿ ಚುಕ್ಕಿಗಳು ಒಂದರ ಮೇಲೊಂದು ಬಿದ್ದು ಕಪ್ಪಾಗಿದ್ದವು.

"ನಾನು ನನ್ನ ಮೇಜಿಗೆ ಬಂದವರನ್ನಷ್ಟೇ ಎಣಿಸಿದ್ದೆ, ಸರ್. ಅವರು ಬರದೇ ಇದ್ದದ್ದಕ್ಕೆ ಕಾರಣ ಕಲ್ಯಾಣಪ್ಪನವರು. ಟೈಪ್ ಮಾಡೋರು ಒಬ್ಬರ ಕೈಕೆಳಗೆ ಇಪ್ಪತ್ತು ಮಂದಿ ಇರಬಹುದು, ಇನ್ನೂ ಹೆಚ್ಚೂ ಇರಬಹುದು. ಆದರೆ ಆ ಒಬ್ಬರು ನಾನಾಗಬಾರದು. ಎರಡು ಥರದ ಕೆಲಸ ಒಂದೇ ತಲೆಯೊಳಗೆ ಹಾಕಿದರೆ ಗಲಾಟೆ ಮಾಡೋರು ಗೆಲ್ತಾರೆ. ಮಧುರಾನಂಥೋರು ಸಾಲಿನ ಕೊನೆಗೆ ನಿಲ್ತಾರೆ."

ಸೂರ್ಯನಾರಾಯಣ ನಾನೂರ ಹನ್ನೆರಡರ ಸುದ್ದಿ ಕೇಳಿದ್ದರು. ಬೈಯಲಿಲ್ಲ. "ನನ್ನ ಕೈಕೆಳಗೆ ನಾಲ್ಕು ಊರಲ್ಲಿ ಹನ್ನೊಂದು ಮ್ಯಾನೇಜರ್‌ಗಳು. ಪುಣೆಯವನ ಜೊತೆ ಮಾತಾಡಿ ತಿಂಗಳಾಯ್ತು," ಎಂದರು, ತಮಗೇ ಹೇಳಿಕೊಂಡ ಹಾಗೆ. ನಂತರ ಕೇಳಿದರು: "ಆದ್ರೂ ಸರಾಸರಿ ಹದಿನೈದು ಬೇಕಲ್ಲಮ್ಮಾ. ಅದನ್ನ ನಾನು ಬದಲಾಯಿಸೋಕಾಗಲ್ಲ."

ಅದಕ್ಕೆ ಉತ್ತರ ಕುಮುದಾಳ ಬಳಿ ಇತ್ತು. ಮೂರನೇ ಮಹಡಿಯಲ್ಲಿ ಇದೇ ಫಾರಂ ಟೈಪ್ ಮಾಡುವ ಆರು ಮಂದಿ ಇದ್ದರು. ಅವರ ಲೀಡರ್ ವತ್ಸಲಾ ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು. "ಅವರನ್ನು ಕಲ್ಯಾಣಪ್ಪನವರಿಗೆ ಕೊಡಿ, ಸರ್. ಅವರಿಗೆ ಇಪ್ಪತ್ನಾಲ್ಕು, ನನಗೆ ಆರು. ಇಬ್ಬರಿಗೆ ಮೂವತ್ತು."

ಸೂರ್ಯನಾರಾಯಣ ಕನ್ನಡಕ ಕೆಳಗಿಳಿಸಿದರು. "ಅವರು ಒಪ್ತಾರಾ?"

ಕಲ್ಯಾಣಪ್ಪನವರನ್ನು ಕರೆಸಿದರು. ಅವರು ನಿಂತೇ ಕೇಳಿಸಿಕೊಂಡರು. ತಮ್ಮ ಕುರ್ಚಿ ಉಳಿಯಿತೆಂದು ತಿಳಿದ ಕೂಡಲೇ ಹೂಂ ಎನ್ನಬಹುದಿತ್ತು. ಎನ್ನಲಿಲ್ಲ.

"ಆರೂ ಮಂದಿ ಕೆಲಸ ಬಲ್ಲೋರೇನ್ರಿ?"

"ಎಲ್ಲರೂ ವರ್ಷ ದಾಟಿದವರೇ," ಎಂದಳು ಕುಮುದಾ.

"ಹಂಗಾದ್ರ ಇಪ್ಪತ್ನಾಕು ನಡೀತೈತ್ರಿ. ಹೊಸಬ್ರು ಇದ್ದಿದ್ರ ಮೂರು ಮಂದಿನೂ ಒಲ್ಲೆ ಅಂತಿದ್ದೆ. ಮತ್ತ ಫಾರಂ ಬದಲಾದ ವಾರ ಉಳಿದವರಿಗೆ ತೋರಸಾಕ ನಂಗ ಇಬ್ಬರನ್ನ ಬಿಟ್ಟುಕೊಡಬೇಕು. ಅವರಿಗೆ ನೂರಿಪ್ಪತ್ತರ ಲೆಕ್ಕಾ ಹಾಕಬಾರದು. ಇಲ್ಲಾಂದ್ರ ಇಪ್ಪತ್ನಾಕು ಬ್ಯಾಡ್ರಿ, ಹದಿನೆಂಟೂ ಆಗಂಗಿಲ್ಲ."

"ಕೆಲಸ ಉಳೀತಿರುವಾಗ ಷರತ್ತು ಹಾಕ್ತೀರಲ್ರೀ," ಎಂದರು ಸೂರ್ಯನಾರಾಯಣ.

"ಈಗ ಹೇಳದಿದ್ರ ಆಮ್ಯಾಲೆ ಯಾರು ಕೇಳ್ತಾರ್ರಿ?"

ಸೂರ್ಯನಾರಾಯಣ ಪಟ್ಟಿಯ ಕೆಳಗೆ ಆ ಮಾತನ್ನೂ ಬರೆದು ಸಹಿ ಹಾಕಿದರು.

ಸೋಮವಾರ ಮೂರನೇ ಮಹಡಿಯ ಆರು ಮಂದಿ ತಮ್ಮ ಡಬ್ಬಿ, ಚೀಲ ಹೊತ್ತುಕೊಂಡು ಮೇಲೆ ಬಂದರು. ಮೊದಲ ದಿನ ಶಾಲೆಗೆ ಬಂದ ಮಕ್ಕಳ ಹಾಗೆ ಗೋಡೆಗೆ ಒತ್ತಿ ನಿಂತರು. ಕಲ್ಯಾಣಪ್ಪನವರು ಒಬ್ಬೊಬ್ಬರಿಗೂ ಕುರ್ಚಿ ತಾವೇ ಎಳೆದು ಕೊಟ್ಟರು. ಊರು ಯಾವುದು, ಯಾವ ಬಸ್ಸು ಹಿಡಿದು ಬರುತ್ತೀರಿ, ಯಾರ ಕಣ್ಣಿಗೆ ಚಷ್ಮಾ ಬಂದಿದೆ ಎಂದೆಲ್ಲ ವಿಚಾರಿಸಿದರು. ಕುಮುದಾ ತನ್ನ ಜಾಗದಿಂದ ಅದನ್ನು ನೋಡುತ್ತಿದ್ದಳು. ಎದ್ದು ಹೋಗಿ ಸ್ವಾಗತ ಹೇಳಬೇಕೆನಿಸಿತು. ಆದರೆ ಮಧುರಾ ಆಗಲೇ ಎದುರಿನ ಕುರ್ಚಿಯಲ್ಲಿ ಕೂತು ಕಾಗದ ಬಿಡಿಸಿದ್ದಳು.

"ಎಷ್ಟು ಹೊತ್ತು ಸಿಗುತ್ತೆ ಮೇಡಂ?"

"ಮುಗಿಯೋ ತನಕ," ಎಂದಳು ಕುಮುದಾ.